ಮೂರು ಸಲವೂ ಅದೇ ಅಂಕಿ, ಮೂರು ಸಲವೂ ತಪ್ಪು

ಕಳೆದ ವರ್ಷ ಕಾರ್ತಿಕ ಮಾಸದಲ್ಲಿ 58 ವರ್ಷದ ತಾಯಿಯೊಬ್ಬರು ತಮ್ಮ ಮಗನೊಡನೆ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಅವರು ಹೇಳಿಕೊಂಡ ತೊಂದರೆ ತಲೆಸುತ್ತು. ಮುಂಜಾನೆ ಹಾಸಿಗೆಯಿಂದ ಎದ್ದಾಗ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಪೂಜೆ ಮುಗಿಸಿ ಮಣೆಯಿಂದ ಏಳುವಾಗ ಗೋಡೆ ಹಿಡಿಯಬೇಕಾಗುತ್ತಿತ್ತು. ಹಿಂದಿನ ವಾರವಷ್ಟೇ ಬಚ್ಚಲಮನೆಯಲ್ಲಿ ಬೀಳುವವರಿದ್ದರು, ಸೊಸೆ ಹಿಡಿದುಕೊಂಡಿದ್ದರಿಂದ ಸೊಂಟದ ಮೂಳೆ ಉಳಿಯಿತು. ತಲೆಸುತ್ತಿಗೆ ಒಂದು ಕಷಾಯ ಬೇಕೆಂಬುದು ಅವರ ಬೇಡಿಕೆ.

ಅವರಿಗೆ ರಕ್ತದೊತ್ತಡವಿದೆಯೆಂದು ತಿಳಿದು, ಅದರ ವಿವರ ಕೇಳಿದೆವು. ಮಗ ಒಂದು ನೋಟುಪುಸ್ತಕವನ್ನು ತೆಗೆದು ಮುಂದಿಟ್ಟನು. ಮನೆಯಲ್ಲಿ ವಿದ್ಯುನ್ಮಾನ ಬಿ.ಪಿ. ಯಂತ್ರವಿತ್ತು. ದಿನವೂ ಒಂದೇ ವೇಳೆಗೆ, ಒಂದೇ ಕುರ್ಚಿಯಲ್ಲಿ ಕೂರಿಸಿ, ಒಂದೊಂದು ನಿಮಿಷದ ಅಂತರದಲ್ಲಿ ಮೂರು ಸಲ ನೋಡಿ, ಮೂರನ್ನೂ ಬರೆದಿಟ್ಟಿದ್ದನು. ಮೂರು ತಿಂಗಳ ಹಿಂದಿನ ಪುಟದಲ್ಲಿ ಮೇಲಿನ ಒತ್ತಡ 154, 152, 153 ಎಂದಿತ್ತು. ಆಗ ಒಂದು ಮಾತ್ರೆ ನಡೆಯುತ್ತಿತ್ತು. ಒತ್ತಡವನ್ನು 140ಕ್ಕಿಂತ ಕೆಳಗೆ ತರಬೇಕೆಂದು ಅವರ ವೈದ್ಯರು ಆ ಪುಟ ನೋಡಿಯೇ ಎರಡನೆಯ ಮಾತ್ರೆ ಸೇರಿಸಿದ್ದರು. ಅನಂತರದ ಪುಟಗಳಲ್ಲಿ 137, 136, 138. ಎಲ್ಲರಿಗೂ ಸಮಾಧಾನವಾಗಿತ್ತು. ತಲೆಸುತ್ತು ಆರಂಭವಾದದ್ದೂ ಅದೇ ವಾರಗಳಲ್ಲಿ.

ಯಂತ್ರದ ಮೇಲೆ ನಮಗೆ ಸಂಶಯವಿದೆಯೆಂದಾಗ ಮಗ ಒಪ್ಪಲಿಲ್ಲ. “ಮಷೀನ್ ಸುಳ್ಳ ಹೇಳತೈತೇನ್ರಿ ಡಾಕ್ಟರ? ಮೂರ ಸಲ ನೋಡೀವಿ, ಮೂರ ಸಲಾನೂ ಅಷ್ಟ ಬಂದೈತಿ” ಎಂದನು. ಆ ಪ್ರಶ್ನೆಗೆ ಉತ್ತರವೇ ಈ ಲೇಖನ.

ಎರಡು ಬೇರೆ ಬೇರೆ ಗುಣಗಳು

ಯಾವುದೇ ಅಳತೆಗೆ ಎರಡು ಪರೀಕ್ಷೆಗಳುಂಟು. ಒಂದೇ ವಸ್ತುವನ್ನು ಮತ್ತೆ ಮತ್ತೆ ಅಳೆದರೆ ಅದೇ ಉತ್ತರ ಬರುವುದೇ ಎಂಬುದು ಮೊದಲನೆಯದು. ಇದಕ್ಕೆ ವಿಶ್ವಸನೀಯತೆ ಎನ್ನುತ್ತಾರೆ. ಬಂದ ಉತ್ತರವು ನಾವು ಅಳೆಯಬೇಕೆಂದಿದ್ದ ಸಂಗತಿಯನ್ನೇ ಸರಿಯಾಗಿ ಹೇಳುತ್ತಿದೆಯೇ ಎಂಬುದು ಎರಡನೆಯದು. ಇದಕ್ಕೆ ಸಪ್ರಮಾಣತೆ ಎಂಬ ಹೆಸರಿದೆ. ಶಿಕ್ಷಕರ ತರಬೇತಿ ಪಡೆದವರಿಗೆ ಈ ಎರಡು ಪದಗಳೂ ಪರಿಚಿತವೇ.

ತಕ್ಕಡಿಯನ್ನು ನೆನಪಿಸಿಕೊಂಡರೆ ಭೇದ ಸುಲಭವಾಗಿ ತಿಳಿಯುತ್ತದೆ. ಒಂದು ತಟ್ಟೆಯ ತಳಕ್ಕೆ ಐವತ್ತು ಗ್ರಾಮಿನಷ್ಟು ಮೇಣ ಅಂಟಿಕೊಂಡಿದೆಯೆನ್ನೋಣ. ಅದೇ ಬೆಲ್ಲವನ್ನು ಹತ್ತು ಸಲ ತೂಗಿದರೂ ಹತ್ತು ಸಲವೂ ಅದೇ ತೂಕ ಬರುತ್ತದೆ. ತಕ್ಕಡಿಯಲ್ಲಿ ಚಂಚಲತೆಯಿಲ್ಲ, ಆದರೂ ಹತ್ತು ಸಲವೂ ಐವತ್ತು ಗ್ರಾಮ್ ತಪ್ಪು. ಇನ್ನೂ ತೊಂಬತ್ತು ಸಲ ತೂಗಿ ಸರಾಸರಿ ತೆಗೆದರೂ ಮೇಣ ಉದುರುವುದಿಲ್ಲ. ಮೇಲಕ್ಕೂ ಕೆಳಕ್ಕೂ ಓಲಾಡುವ ತಪ್ಪು ಸರಾಸರಿಯಲ್ಲಿ ಕರಗುತ್ತದೆ. ಒಂದೇ ಕಡೆಗೆ ವಾಲಿದ ತಪ್ಪು ಕರಗುವುದಿಲ್ಲ. ಮಗನು ಮೂರು ಸಲ ನೋಡಿದ್ದು ಮೊದಲ ಬಗೆಯ ತಪ್ಪನ್ನು ದೂರಮಾಡಿತ್ತು. ಎರಡನೆಯ ಬಗೆಯದನ್ನು ಅದು ಮುಟ್ಟಲೂ ಇಲ್ಲ.

ಮೇಣ ಅಂಟಿದ್ದು ಎಲ್ಲಿ?

ನಾವು ಆ ತಾಯಿಯ ತೋಳನ್ನು ದರ್ಜಿಯ ಅಳತೆಪಟ್ಟಿಯಿಂದ ಅಳೆದೆವು. ಸುತ್ತಳತೆ 41 ಸೆಂ.ಮೀ. ಇತ್ತು. ಮನೆಯಿಂದ ತಂದಿದ್ದ ಯಂತ್ರದ ತೋಳುಪಟ್ಟಿಯನ್ನು ಮಗನ ಕೈಗೆ ಕೊಟ್ಟು, ಅದರ ಮೇಲೆ ಮುದ್ರಿಸಿದ್ದನ್ನು ಓದಲು ಹೇಳಿದೆವು. 22ರಿಂದ 32 ಸೆಂ.ಮೀ. ಎಂದು ಬರೆದಿತ್ತು. ವರ್ಷವಿಡೀ ಕೈಯಲ್ಲಿ ಹಿಡಿದಿದ್ದರೂ ಆ ಅಕ್ಷರಗಳನ್ನು ಮನೆಯಲ್ಲಿ ಯಾರೂ ಓದಿರಲಿಲ್ಲ.

ತೋಳಿಗೆ ಸುತ್ತುವ ಈ ಪಟ್ಟಿಗೆ ಆಂಗ್ಲ ವೈದ್ಯರು ‘ಕಫ್’ ಎನ್ನುತ್ತಾರೆ. ನಮ್ಮ ತ್ರಿದೋಷಗಳಲ್ಲಿನ ಕಫಕ್ಕೂ ಇದಕ್ಕೂ ಸಂಬಂಧವಿಲ್ಲ. ಪಟ್ಟಿಯೊಳಗೆ ಗಾಳಿ ತುಂಬುವ ರಬ್ಬರಿನ ಚೀಲವೊಂದಿದೆ. ಅದು ಉಬ್ಬಿ ತೋಳನ್ನು ಅದುಮಿ, ಒಳಗಿನ ಧಮನಿಯನ್ನು ಮುಚ್ಚುತ್ತದೆ. ಮೆಲ್ಲಗೆ ಗಾಳಿ ಬಿಡುತ್ತ ಬಂದಾಗ ರಕ್ತ ಮತ್ತೆ ಹರಿಯತೊಡಗುತ್ತದೆ. ಆ ಕ್ಷಣದಲ್ಲಿ ಚೀಲದೊಳಗೆ ಇರುವ ಒತ್ತಡವನ್ನೇ ಧಮನಿಯ ಮೇಲಿನ ಒತ್ತಡವೆಂದು ತೆಗೆದುಕೊಳ್ಳುತ್ತೇವೆ. ವಿದ್ಯುನ್ಮಾನ ಯಂತ್ರವು ಶಬ್ದ ಕೇಳುವ ಬದಲು ಚೀಲದಲ್ಲಾಗುವ ಸಣ್ಣ ಮಿಡಿತಗಳಿಂದ ಲೆಕ್ಕ ಹಾಕುತ್ತದೆ. ಆದರೆ ಅದೂ ಓದುವುದು ಚೀಲದ ಒತ್ತಡವನ್ನೇ. ಯಂತ್ರಕ್ಕೆ ಧಮನಿ ಕಾಣುವುದಿಲ್ಲ.

ಚೀಲದ ಒತ್ತಡವೆಲ್ಲ ಧಮನಿಯವರೆಗೂ ಇಳಿದರೆ ಮಾತ್ರ ಈ ಲೆಕ್ಕ ಸರಿ. ತೋಳಿಗೆ ತಕ್ಕ ಅಗಲದ ಚೀಲವಿದ್ದಾಗ ಅದು ಇಳಿಯುತ್ತದೆ. ದಪ್ಪ ತೋಳಿಗೆ ಕಿರಿದಾದ ಚೀಲ ಸುತ್ತಿದಾಗ ಒತ್ತಡವು ಅಂಚುಗಳಲ್ಲಿ ಹರಡಿ, ಮಾಂಸ ಮೇದಸ್ಸುಗಳಲ್ಲಿ ಹಂಚಿಹೋಗಿ, ಆಳದಲ್ಲಿರುವ ಧಮನಿಗೆ ಕಡಿಮೆಯಾಗಿ ತಲುಪುತ್ತದೆ. ಆಗ ಧಮನಿಯನ್ನು ಮುಚ್ಚಲು ಚೀಲವನ್ನು ಇನ್ನೂ ಹೆಚ್ಚು ಉಬ್ಬಿಸಬೇಕಾಗುತ್ತದೆ. ಆ ಹೆಚ್ಚಿನ ಗಾಳಿಯೂ ರಕ್ತದೊತ್ತಡದ ಲೆಕ್ಕಕ್ಕೆ ಸೇರಿಬಿಡುತ್ತದೆ. ತೋಳು ಬದಲಾಗದು, ಪಟ್ಟಿ ಬದಲಾಗದು. ಆದುದರಿಂದ ದಿನವೂ ಹೆಚ್ಚುಕಡಿಮೆ ಅಷ್ಟೇ ತಪ್ಪು ಸೇರುತ್ತದೆ. ಇದೇ ತಟ್ಟೆಯ ತಳದ ಮೇಣ. ಯಂತ್ರ ಕೆಟ್ಟಿರಲಿಲ್ಲ, ಮಗನ ಕ್ರಮದಲ್ಲಿಯೂ ಲೋಪವಿರಲಿಲ್ಲ.

ನಮ್ಮಲ್ಲಿದ್ದ ದೊಡ್ಡ ಪಟ್ಟಿಯನ್ನು ಕಟ್ಟಿ, ಐದು ನಿಮಿಷ ಸುಮ್ಮನೆ ಕೂರಿಸಿ, ಮೂರು ಸಲ ನೋಡಿದೆವು. 119, 118, 120 ಬಂದಿತು. ಕೂಡಲೇ ಅವರ ಹಳೆಯ ಪಟ್ಟಿಯಿಂದ ನೋಡಿದಾಗ 137, 136, 138. ಎರಡು ಪಟ್ಟಿಗಳೂ ತಮ್ಮತಮ್ಮ ಮಟ್ಟಿಗೆ ಸಮಾನವಾಗಿ ಸ್ಥಿರ. ಎರಡರ ನಡುವೆ ಮಾತ್ರ 18ರ ಅಂತರ. ಅನಂತರ ದೊಡ್ಡ ಪಟ್ಟಿಯನ್ನು ಮತ್ತೆ ಕಟ್ಟಿ, ಅವರನ್ನು ನಿಲ್ಲಿಸಿ ಒಂದು ನಿಮಿಷದ ಬಳಿಕ ನೋಡಿದೆವು. ಒತ್ತಡ 98ಕ್ಕೆ ಇಳಿದಿತ್ತು. ನಿಂತಾಗ ಮೇಲಿನ ಒತ್ತಡ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದು ಗಮನಿಸಬೇಕಾದ ಇಳಿತವೆಂದೇ ಎಣಿಕೆ. ಮಣೆಯಿಂದ ಏಳುವಾಗ ಕಣ್ಣು ಕತ್ತಲಿಡುತ್ತಿದ್ದ ಕಾರಣ ಅಲ್ಲಿಗೆ ತಿಳಿಯಿತು.

ಈಗ ನೋಟುಪುಸ್ತಕವನ್ನು ಹಿಂದಕ್ಕೆ ತಿರುಗಿಸಿ ನೋಡಬೇಕು. ಮೂರು ತಿಂಗಳ ಹಿಂದಿನ 153ರಲ್ಲಿ ಈ 18ನ್ನು ಕಳೆದರೆ ಸುಮಾರು 135 ಉಳಿಯುತ್ತದೆ. ಎಂದರೆ, ಮೊದಲ ಮಾತ್ರೆಯೊಂದರಿಂದಲೇ ಅವರ ಒತ್ತಡ ವೈದ್ಯರ ಗುರಿಯೊಳಗೆ ಬಂದಿತ್ತು. ಎರಡನೆಯ ಮಾತ್ರೆಯು ಅವರ ರಕ್ತದೊತ್ತಡಕ್ಕಾಗಿ ಬಂದುದಲ್ಲ. ಅವರ ಪಟ್ಟಿಯ ಅಳತೆಗಾಗಿ ಬಂದುದು.

ನೂರಿಪ್ಪತ್ತು ವರ್ಷ ಹಳೆಯ ತಪ್ಪು

ಈ ದೋಷ ಇಂದಿನದಲ್ಲ. ತೋಳಿಗೆ ಪಟ್ಟಿ ಸುತ್ತಿ ಪಾದರಸದ ಕೊಳವೆಯಿಂದ ಒತ್ತಡವನ್ನು ಅಳೆಯುವ ವಿಧಾನವನ್ನು ಇಟಲಿಯ ತುರಿನ್ ನಗರದ ವೈದ್ಯ ರೀವಾ-ರೋಚಿ 1896ರಲ್ಲಿ ಪ್ರಕಟಿಸಿದರು. ಅವರ ಪಟ್ಟಿಯ ಅಗಲ ಸುಮಾರು 5 ಸೆಂ.ಮೀ. ಮಾತ್ರ. ಉಪಕರಣ ಸರಳವಾಗಿತ್ತು, ಮತ್ತೆ ಮತ್ತೆ ಬಳಸಲು ಯೋಗ್ಯವಾಗಿತ್ತು. ಆದರೆ ಕಿರಿದಾದ ಪಟ್ಟಿಯಿಂದ ಒತ್ತಡ ನಿಜಕ್ಕಿಂತ ಹೆಚ್ಚಾಗಿ ಬರುತ್ತಿತ್ತು. 1901ರಲ್ಲಿ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸೆನ್ ಎಂಬ ವೈದ್ಯರು ಇದನ್ನು ಗುರುತಿಸಿ, ಅಗಲವನ್ನು ಸುಮಾರು 13 ಸೆಂ.ಮೀ.ಗೆ ಹೆಚ್ಚಿಸಿದರು. ಹಳೆಯ ಪಟ್ಟಿಯನ್ನೇ ಎಷ್ಟು ಸಲ ಕಟ್ಟಿ ನೋಡಿದ್ದರೂ ಅವರಿಗೆ ತಪ್ಪು ಸಿಗುತ್ತಿರಲಿಲ್ಲ. ಬೇರೆ ಅಗಲದ ಪಟ್ಟಿಯೊಡನೆ ಹೋಲಿಸಿದಾಗಲೇ ಅದು ಕಾಣಿಸಿಕೊಂಡಿತು.

ಇತ್ತೀಚೆಗೆ, 2023ರಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯ ಸಂಶೋಧಕರು 195 ಮಂದಿ ವಯಸ್ಕರ ಮೇಲೆ ನಡೆಸಿದ ಪರೀಕ್ಷೆಯ ಫಲ ಪ್ರಕಟವಾಯಿತು. ಒಬ್ಬೊಬ್ಬರಿಗೂ ಸರಿಯಾದ ಪಟ್ಟಿಯನ್ನೂ ತಪ್ಪು ಅಳತೆಯ ಪಟ್ಟಿಯನ್ನೂ ಹಿಂದುಮುಂದಾಗಿ ಕಟ್ಟಿ ನೋಡಿದ್ದರು. ದೊಡ್ಡ ಪಟ್ಟಿ ಬೇಕಾದವರಿಗೆ ಸಾಧಾರಣ ಪಟ್ಟಿ ಕಟ್ಟಿದಾಗ ಮೇಲಿನ ಒತ್ತಡ ಸರಾಸರಿ 4.8ರಷ್ಟು ಹೆಚ್ಚು ಬಂದಿತು. ಅತಿ ದೊಡ್ಡ ಪಟ್ಟಿ ಬೇಕಾದವರಲ್ಲಿ ಈ ಹೆಚ್ಚಳ 19.5. ಅವರ ನಿಜವಾದ ಸರಾಸರಿ 124.5 ಇದ್ದುದು ಯಂತ್ರದಲ್ಲಿ 144 ಎಂದು ಕಂಡಿತು. ಎಂದರೆ ಆರೋಗ್ಯವಂತರ ಸಾಲಿನಲ್ಲಿರಬೇಕಾದವರು ಕೇವಲ ಒಂದು ಪಟ್ಟಿಯಿಂದಾಗಿ ರೋಗಿಗಳ ಸಾಲಿಗೆ ಸೇರುತ್ತಾರೆ.

ಇದರ ವಿರುದ್ಧ ದಿಕ್ಕಿನ ತಪ್ಪೂ ಅದೇ ಪರೀಕ್ಷೆಯಲ್ಲಿ ಕಂಡಿತು. ಚಿಕ್ಕ ಪಟ್ಟಿ ಬೇಕಾದ ಸಣ್ಣ ತೋಳಿನವರಿಗೆ ಸಾಧಾರಣ ಪಟ್ಟಿ ಕಟ್ಟಿದಾಗ ಒತ್ತಡ ಸರಾಸರಿ 3.6 ಕಡಿಮೆ ಬಂದಿತು. ನಮ್ಮ ಹಳ್ಳಿಗಳಲ್ಲಿ ಕೃಶ ಶರೀರದ ವೃದ್ಧರು ಕಡಿಮೆಯೇನಲ್ಲ. ಅಂಥವರ ಒತ್ತಡ ನಿಜವಾಗಿ 142 ಇದ್ದು, ಯಂತ್ರದಲ್ಲಿ 138 ಎಂದು ಬಂದರೆ, ‘ಏನೂ ಇಲ್ಲ’ ಎಂದು ಮನೆಗೆ ಕಳಿಸಿಬಿಡುತ್ತೇವೆ. ದಪ್ಪ ತೋಳಿನ ತಪ್ಪು ಬೇಡದ ಔಷಧಿಯನ್ನು ತರುತ್ತದೆ; ಸಣ್ಣ ತೋಳಿನ ತಪ್ಪು ಬೇಕಾದ ಔಷಧಿಯನ್ನು ತಡೆಯುತ್ತದೆ.

ಯಂತ್ರದ ಪ್ರಮಾಣಪತ್ರ ಏನು ಹೇಳುತ್ತದೆ

‘ನಮ್ಮ ಯಂತ್ರ ಪರೀಕ್ಷೆಯಾದದ್ದು, ಪೆಟ್ಟಿಗೆಯ ಮೇಲೆ ಹಾಗೆಂದು ಬರೆದಿದೆ’ ಎಂದು ಕೆಲವರು ಹೇಳುತ್ತಾರೆ. ಆ ಪರೀಕ್ಷೆಯ ಸ್ವರೂಪವನ್ನು ತಿಳಿಯುವುದು ಲೇಸು, ಏಕೆಂದರೆ ಮೇಲೆ ಹೇಳಿದ ಎರಡು ಗುಣಗಳನ್ನು ಅದು ಬೇರೆಬೇರೆಯಾಗಿಯೇ ಕೇಳುತ್ತದೆ. 2018ರಲ್ಲಿ ಒಪ್ಪಿತವಾದ ಅಂತಾರಾಷ್ಟ್ರೀಯ ನಿಯಮದಂತೆ ಕನಿಷ್ಠ 85 ಮಂದಿಯಲ್ಲಿ ಯಂತ್ರದ ಅಂಕಿಯನ್ನು, ತರಬೇತಿ ಪಡೆದವರು ಸ್ಟೆತಸ್ಕೋಪಿನಿಂದ ಕೇಳಿ ಅಳೆದ ಅಂಕಿಯೊಡನೆ ಹೋಲಿಸಬೇಕು. ಎರಡರ ನಡುವಣ ಸರಾಸರಿ ಅಂತರ 5 ಮಿ.ಮೀ. ಪಾದರಸವನ್ನು ಮೀರಬಾರದು. ಇದು ಯಂತ್ರ ಒಂದೇ ಕಡೆಗೆ ವಾಲಿದೆಯೇ ಎಂಬ ಪ್ರಶ್ನೆ. ಆ ಅಂತರಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದಕ್ಕೆ ಮತ್ತೊಂದು ಅಂಕಿಯುಂಟು, ಅದು 8ನ್ನು ಮೀರಬಾರದು. ಇದು ಯಂತ್ರ ಓಲಾಡುತ್ತಿದೆಯೇ ಎಂಬ ಪ್ರಶ್ನೆ. ಒಂದರಲ್ಲಿ ತೇರ್ಗಡೆಯಾಗಿ ಇನ್ನೊಂದರಲ್ಲಿ ಸೋತ ಯಂತ್ರಕ್ಕೆ ಪ್ರಮಾಣಪತ್ರವಿಲ್ಲ.

ಆದರೆ ಈ ಪರೀಕ್ಷೆ ನಡೆಯುವುದು ತೋಳಿಗೆ ತಕ್ಕ ಪಟ್ಟಿಯನ್ನು ಕಟ್ಟಿ. 32 ಸೆಂ.ಮೀ.ವರೆಗಿನ ಪಟ್ಟಿಯನ್ನು 41 ಸೆಂ.ಮೀ. ತೋಳಿಗೆ ಕಟ್ಟಿದೊಡನೆ ಆ ಪ್ರಮಾಣಪತ್ರ ನಮ್ಮ ಕೈಬಿಡುತ್ತದೆ. ವಿಶ್ವಸನೀಯತೆಯನ್ನು ಯಂತ್ರ ತನ್ನೊಡನೆ ಮನೆಗೆ ತರಬಹುದು. ಸಪ್ರಮಾಣತೆ ಹಾಗಲ್ಲ. ಅದು ಈ ಯಂತ್ರ, ಈ ಪಟ್ಟಿ, ಈ ತೋಳು ಇವುಗಳ ಹೊಂದಾಣಿಕೆಯಲ್ಲಿ ಇರುವಂಥದು. ಒಬ್ಬರಿಗೆ ಸರಿಯಾದ ಯಂತ್ರವೇ ಅದೇ ಮನೆಯ ಇನ್ನೊಬ್ಬರಿಗೆ ತಪ್ಪಾಗಬಹುದು.

ಈ ವಿಚಾರ ಆಯುರ್ವೇದ ಓದಿದವರಿಗೆ ಅಪರಿಚಿತವಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಶರೀರದ ಅಂಗಗಳ ಪ್ರಮಾಣವನ್ನು ಹೇಳುವಾಗ, ರೋಗಿಯ ಸ್ವಂತ ಬೆರಳಿನ ಅಗಲವನ್ನೇ ಮಾನವಾಗಿ ಇಟ್ಟುಕೊಂಡಿದೆ. ವೈದ್ಯನ ಬೆರಳಲ್ಲ, ಅಂಗಡಿಯ ಕೋಲೂ ಅಲ್ಲ. ರಕ್ತದೊತ್ತಡದ ಪಟ್ಟಿಗೂ ಇಂದಿನ ನಿಯಮ ಇದೇ ಬಗೆಯದು: ಒಳಗಿನ ಚೀಲದ ಅಗಲ ಆ ವ್ಯಕ್ತಿಯ ತೋಳಿನ ಸುತ್ತಳತೆಯ ಶೇಕಡ 40ರಷ್ಟು, ಉದ್ದ ಶೇಕಡ 80ರಷ್ಟು ಇರಬೇಕು.

ತಪ್ಪನ್ನು ಕಂಡುಹಿಡಿಯುವ ಬಗೆ

ಮನೆಯಲ್ಲಿ ಯಂತ್ರವಿಟ್ಟುಕೊಂಡವರು ಮೊದಲು ಮಾಡಬೇಕಾದುದು ತೋಳನ್ನು ಅಳೆಯುವುದು. ಭುಜದ ತುದಿಯ ಮೂಳೆಯಿಂದ ಮೊಣಕೈಯ ತುದಿಯವರೆಗೆ ಅಳೆದು, ಸರಿಯಾಗಿ ನಡುವೆ ಗುರುತು ಮಾಡಬೇಕು. ಕೈಯನ್ನು ಸಡಿಲವಾಗಿ ಇಳಿಬಿಟ್ಟು, ಬರಿಯ ತೋಳಿನ ಸುತ್ತ ಆ ಗುರುತಿನ ಮೇಲೆ ಬಟ್ಟೆಯ ಅಳತೆಪಟ್ಟಿಯನ್ನು ಬಿಗಿಯದೆ ಸುತ್ತಬೇಕು. ಬಂದ ಅಂಕಿಯು ಯಂತ್ರದ ಪಟ್ಟಿಯ ಮೇಲೆ ಮುದ್ರಿಸಿರುವ ಎರಡು ಅಂಕಿಗಳ ನಡುವೆ ಇರಬೇಕು. ಯಂತ್ರದೊಡನೆ ಬರುವುದು ಸಾಮಾನ್ಯವಾಗಿ ಸಾಧಾರಣ ಅಳತೆಯ ಪಟ್ಟಿ. ದೊಡ್ಡದು ಹಾಗೂ ಚಿಕ್ಕದು ಹಲವು ಯಂತ್ರಗಳಿಗೆ ಬೇರೆಯಾಗಿ ದೊರೆಯುತ್ತವೆ, ಆದರೆ ಅದೇ ಯಂತ್ರಕ್ಕೆಂದು ತಯಾರಾದುದನ್ನೇ ಕೊಳ್ಳಬೇಕು.

ಪಟ್ಟಿಯ ಅಳತೆಯಂತೆಯೇ ಸದಾ ಒಂದೇ ಕಡೆಗೆ ವಾಲಿಸುವ ಇನ್ನೊಂದು ಅಭ್ಯಾಸವಿದೆ. ಅದು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುವುದು. ಪಟ್ಟಿ ಎದೆಯ ಮಟ್ಟದಲ್ಲಿರಬೇಕು. ಅದಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ರಕ್ತದ ಸ್ವಂತ ಭಾರದಿಂದಲೇ 7ರಿಂದ 8ರಷ್ಟು ಹೆಚ್ಚು ಬರುತ್ತದೆ. ದಿನವೂ ಅದೇ ಭಂಗಿಯಲ್ಲಿ ಕುಳಿತರೆ ದಿನವೂ ಅಷ್ಟೇ ಹೆಚ್ಚು ಬರುತ್ತದೆ. ಕೈಯನ್ನು ಮೇಜಿನ ಮೇಲೆ, ಬೇಕಿದ್ದರೆ ಒಂದು ದಿಂಬಿನ ಮೇಲೆ, ಊರಿಟ್ಟರೆ ಸಾಕು.

ಇಷ್ಟಾದ ಮೇಲೂ ಸಂಶಯವಿದ್ದರೆ, ಅದೇ ಯಂತ್ರದಿಂದ ಮತ್ತೊಮ್ಮೆ ನೋಡುವುದು ಪರಿಹಾರವಲ್ಲ. ಬೇರೆ ಸಾಕ್ಷಿ ಬೇಕು. ಯಂತ್ರವನ್ನು ವೈದ್ಯರಲ್ಲಿಗೆ ಒಯ್ದು, ಅವರ ಸರಿಯಾದ ಪಟ್ಟಿಯ ಅಳತೆಯೊಡನೆ ಒಂದರ ಹಿಂದೊಂದರಂತೆ ಹೋಲಿಸಿ ನೋಡಬೇಕು. ಶರೀರವೂ ಒಂದು ಸಾಕ್ಷಿ. ಅಂಕಿ ಹೆಚ್ಚೆಂದು ಯಂತ್ರ ಹೇಳುತ್ತಿರುವಾಗಲೇ ಎದ್ದು ನಿಂತರೆ ಕಣ್ಣು ಕತ್ತಲಿಡುವುದಾದರೆ, ಇಬ್ಬರಲ್ಲಿ ಒಬ್ಬರು ತಪ್ಪು ಹೇಳುತ್ತಿದ್ದಾರೆ ಎಂದು ತಿಳಿಯಬೇಕು. ತಲೆಸುತ್ತಿಗೆ ಕಾರಣಗಳು ಬೇರೆಯೂ ಇವೆ, ಆದರೂ ಆ ವಿರೋಧ ವಿಚಾರಣೆಗೆ ತಕ್ಕುದು. ಯಂತ್ರದ ತಪ್ಪು ಕಂಡಿತೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಮಾತ್ರೆ ಬರೆದ ವೈದ್ಯರ ಮುಂದೆ ಎರಡೂ ಅಂಕಿಗಳನ್ನು ಇಡಬೇಕು.

ಹಾಗಾದರೆ ತಪ್ಪು ಪಟ್ಟಿಯಿಂದ ಬರೆದ ಮೂರು ತಿಂಗಳ ನೋಟುಪುಸ್ತಕ ವ್ಯರ್ಥವೇ ಎಂದು ಮಗ ಕೇಳಿದನು. ಪೂರ್ತಿ ವ್ಯರ್ಥವಲ್ಲ. ಮೇಣ ಅಂಟಿದ ತಕ್ಕಡಿಯೂ ಇಂದಿನ ಮೂಟೆ ನಿನ್ನೆಯದಕ್ಕಿಂತ ಭಾರವೋ ಹಗುರವೋ ಎಂಬುದನ್ನು ಹೇಳಬಲ್ಲದು. ಎರಡನೆಯ ಮಾತ್ರೆಯಿಂದ ಒತ್ತಡ ಸುಮಾರು 16 ಇಳಿಯಿತೆಂಬುದನ್ನು ಆ ಪುಟಗಳು ಸರಿಯಾಗಿಯೇ ತೋರಿಸಿದ್ದವು. ಆದರೆ 140 ಎಂಬ ಗೆರೆಯ ಮೇಲಿದ್ದೇವೋ ಕೆಳಗಿದ್ದೇವೋ ಎಂಬ ಪ್ರಶ್ನೆಗೆ ಅವು ಉತ್ತರಿಸಲಾರವು, ಮತ್ತು ಔಷಧದ ನಿರ್ಧಾರ ಆ ಗೆರೆಯ ಮೇಲೆಯೇ ನಿಂತಿತ್ತು. ಏರಿಳಿತವನ್ನು ತೋರಿಸುವ ಈ ಉಪಯೋಗವೂ ತಪ್ಪು ಬದಲಾಗದಿರುವವರೆಗೆ ಮಾತ್ರ. ಆ ತಾಯಿ ತೂಕ ಇಳಿಸಿ ತೋಳು ಸಣ್ಣದಾಗಿದ್ದರೆ ತಪ್ಪೂ ಸಣ್ಣದಾಗುತ್ತಿತ್ತು. ರಕ್ತದೊತ್ತಡ ಇದ್ದಲ್ಲೇ ಇದ್ದರೂ ಅಂಕಿ ಇಳಿಯುತ್ತಿತ್ತು, ಅದನ್ನು ನಾವು ಪಥ್ಯದ ಫಲವೆಂದು ಹೊಗಳುತ್ತಿದ್ದೆವು.

ಅಂದು ನಾವು ಕಷಾಯ ಕೊಡಲಿಲ್ಲ. ಎರಡು ಪಟ್ಟಿಗಳ ಅಂಕಿಗಳನ್ನೂ, ನಿಂತಾಗ ಬಂದ 98ನ್ನೂ ಒಂದು ಚೀಟಿಯಲ್ಲಿ ಬರೆದು ಅವರ ವೈದ್ಯರಲ್ಲಿಗೆ ಕಳಿಸಿದೆವು. ಅವರು ತಮ್ಮಲ್ಲಿಯೂ ದೊಡ್ಡ ಪಟ್ಟಿಯಿಂದ ನೋಡಿ, ಎರಡನೆಯ ಮಾತ್ರೆಯನ್ನು ನಿಲ್ಲಿಸಿದರು. ಎರಡು ವಾರಗಳ ಬಳಿಕ ಸರಿಯಾದ ಪಟ್ಟಿಯಲ್ಲಿ ಒತ್ತಡ 133 ಇತ್ತು, ನಿಂತಾಗ 126. ತಲೆಸುತ್ತು ಮರಳಿ ಬರಲಿಲ್ಲ. ಮಗ ದೊಡ್ಡ ಪಟ್ಟಿಯೊಂದನ್ನು ತರಿಸಿ, ಅದೇ ನೋಟುಪುಸ್ತಕವನ್ನು ಮುಂದುವರಿಸಿದ್ದಾನೆ. ಹಳೆಯ ಅಂಕಿಗಳ ಕೆಳಗೆ ಕೆಂಪು ಗೆರೆಯೊಂದನ್ನು ಎಳೆದು, ಅದರ ಕೆಳಗೆ ‘ತೋಳು 41, ದೊಡ್ಡ ಪಟ್ಟಿ’ ಎಂದು ಬರೆದಿದ್ದಾನೆ. ಅನಂತರದ ಪ್ರತಿಯೊಂದು ಅಂಕಿಯನ್ನೂ ಆ ಸಾಲಿನೊಡನೆಯೇ ಓದಬೇಕು.